ಎರಡು ಹೆಸರು, ಒಬ್ಬಳೇ ಸವಿತಾ

ಮದುವೆಯಲ್ಲಿ ಸೋದರಮಾವ ಉಡುಗೊರೆಯಾಗಿ ಕೊಟ್ಟ ಚೆಕ್ಕು ಬ್ಯಾಂಕಿನ ಕೌಂಟರಿನಿಂದ ವಾಪಸು ಬಂದಾಗಲೇ ಎಷ್ಟೋ ಹೆಣ್ಣುಮಕ್ಕಳಿಗೆ ತಮ್ಮ ಹೆಸರು ಎಲ್ಲೆಲ್ಲಿ ಹೇಗೆ ದಾಖಲಾಗಿದೆ ಎಂಬುದು ಗಮನಕ್ಕೆ ಬರುವುದು. ಮಾವ ಪ್ರೀತಿಯಿಂದ ‘ಸವಿತಾ ಮಂಜುನಾಥ್’ ಎಂದು ಬರೆದಿದ್ದಾರೆ. ಖಾತೆಯಿರುವುದು ‘ಸವಿತಾ ಕೆ. ಆರ್.’ ಹೆಸರಿನಲ್ಲಿ. ಮನೆಗೆ ಬಂದು ಕಡತ ಬಿಚ್ಚಿ ನೋಡಿದರೆ ಇನ್ನಷ್ಟು ಗೊಂದಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ SAVITHA K R, ಪಾಸ್‌ಬುಕ್ಕಿನಲ್ಲಿ ‘ಎಚ್’ ಬಿಟ್ಟುಹೋಗಿ SAVITA K R, ಪ್ಯಾನ್ ಕಾರ್ಡಿನಲ್ಲಿ ಇನಿಷಿಯಲ್ ಬಿಡಿಸಿ ಬರೆದ SAVITHA KADUR RAMAPPA. ಕನ್ನಡದಲ್ಲಿ ಮೂರಕ್ಷರದ ಹೆಸರು ಇಂಗ್ಲಿಷಿನಲ್ಲಿ ಮೂರು ರೂಪ ತಾಳಿದೆ. ನಾಲ್ಕನೆಯದು ಮದುವೆಯಿಂದ ಬಂದದ್ದು.

ಈ ಸವಿತಾ ವಿವರಣೆಗಾಗಿ ಕಲ್ಪಿಸಿಕೊಂಡ ಹೆಣ್ಣುಮಗಳು. ಆದರೆ ಅವಳ ಕಡತದಂಥ ಕಡತ ಕರ್ನಾಟಕದ ಬಹುತೇಕ ಮನೆಗಳ ಬೀರುವಿನಲ್ಲಿದೆ. ಊರಿನ ಹೆಸರು, ತಂದೆಯ ಹೆಸರುಗಳ ಮೊದಲಕ್ಷರವನ್ನೇ ಇನಿಷಿಯಲ್ ಮಾಡಿಕೊಳ್ಳುವುದು ನಮ್ಮ ಕಡೆಯ ಪದ್ಧತಿ. ಸರ್ಕಾರಿ ನಮೂನೆಗಳಾದರೋ ಮೊದಲ ಹೆಸರು, ನಡುವಿನ ಹೆಸರು, ಕೊನೆಯ ಹೆಸರು ಎಂಬ ಮೂರು ಖಾನೆಗಳನ್ನು ಮುಂದಿಡುತ್ತವೆ. ಒಬ್ಬೊಬ್ಬ ಗುಮಾಸ್ತರು ಒಂದೊಂದು ರೀತಿಯಲ್ಲಿ ಅವನ್ನು ತುಂಬಿರುತ್ತಾರೆ. ಮದುವೆ ಎಂಬ ಸಂದರ್ಭ ಬಂದಾಗ ಈ ಹಳೆಯ ವ್ಯತ್ಯಾಸಗಳೆಲ್ಲ ಒಟ್ಟಿಗೆ ಮೇಲೇಳುತ್ತವೆ.

ಬದಲಿಸಲೇಬೇಕೇ?

ಮೊದಲು ತಿಳಿದಿರಬೇಕಾದದ್ದು ಇದು: ಮದುವೆಯಾದ ಮೇಲೆ ಹೆಣ್ಣು ಗಂಡನ ಹೆಸರನ್ನೋ ಮನೆತನದ ಹೆಸರನ್ನೋ ಸೇರಿಸಿಕೊಳ್ಳಲೇಬೇಕು ಎಂದು ಭಾರತದ ಯಾವ ಕಾನೂನೂ ಹೇಳುವುದಿಲ್ಲ. ತವರಿನ ಹೆಸರಿನಲ್ಲೇ ಜೀವನಪೂರ್ತಿ ಇರಬಹುದು. ಜಂಟಿ ಖಾತೆ ತೆರೆಯಬಹುದು, ಆಸ್ತಿ ಕೊಳ್ಳಬಹುದು, ಮಗುವಿನ ಜನನ ನೋಂದಣಿಯಲ್ಲಿ ತಾಯಿಯ ಹೆಸರನ್ನು ಹಾಗೆಯೇ ಬರೆಸಬಹುದು. ಗಂಡ ಹೆಂಡತಿ ಎಂಬುದಕ್ಕೆ ಪುರಾವೆ ವಿವಾಹ ನೋಂದಣಿ ಪ್ರಮಾಣಪತ್ರವೇ ಹೊರತು ಹೆಸರಿನ ಬಾಲವಲ್ಲ.

ಎಷ್ಟೋ ಸಲ ಮನೆಯವರು ‘ಆಧಾರ್‌ನಲ್ಲಿ ಹೆಸರು ಬದಲಿಸಬೇಕು’ ಎನ್ನುವಾಗ ಅವರಿಗೆ ಬೇಕಾಗಿರುವುದು ಬೇರೆಯೇ. ಪಡಿತರ ಚೀಟಿಗೆ ಸೊಸೆಯನ್ನು ಸೇರಿಸಬೇಕು, ಅದಕ್ಕೆ ವಿಳಾಸ ಗಂಡನ ಮನೆಯದಾಗಿರಬೇಕು, ಅಷ್ಟೆ. ಆಧಾರ್ ವಿಳಾಸದಲ್ಲಿ ತಂದೆಯ ಹೆಸರಿನ ಜಾಗದಲ್ಲಿ ಗಂಡನ ಹೆಸರು ಬಂದರೆ ಅದು ಹೆಸರು ಬದಲಾವಣೆಯಲ್ಲ, ವಿಳಾಸ ಬದಲಾವಣೆ. ಪಹಣಿಯಲ್ಲಿ ‘ಸವಿತಮ್ಮ ಕೋಂ ಮಂಜುನಾಥ’ ಎಂದು ಬರೆಯುವುದಿಲ್ಲವೇ? ಅಲ್ಲಿ ‘ಕೋಂ’ ಎಂದರೆ ಇಂಥವರ ಹೆಂಡತಿ, ‘ಬಿನ್’ ಎಂದರೆ ಇಂಥವರ ಮಗ. ಅದು ಸಂಬಂಧದ ಗುರುತು, ಹೆಸರಿನ ಭಾಗವಲ್ಲ. ಇಂಥ ವಿಳಾಸ ತಿದ್ದುಪಡಿಗೆ ಅಫಿಡವಿಟ್ಟೂ ಬೇಡ, ಗೆಜೆಟ್ಟೂ ಬೇಡ.

ಇದನ್ನು ಮೊದಲೇ ವಿಂಗಡಿಸಿಕೊಳ್ಳುವುದು ಮುಖ್ಯ, ಏಕೆಂದರೆ ಆಧಾರ್‌ನಲ್ಲಿ ಹೆಸರನ್ನು ಜೀವನದಲ್ಲಿ ಎರಡೇ ಸಲ ಬದಲಿಸಲು ಅವಕಾಶವಿದೆ. ವಿಳಾಸಕ್ಕೆ ಅಂಥ ಮಿತಿಯಿಲ್ಲ. ವಿಳಾಸಕ್ಕೆ ಹೋದವರು ಹೆಸರನ್ನೂ ಬದಲಿಸಿಕೊಂಡು ಬಂದರೆ ಎರಡರಲ್ಲಿ ಒಂದು ಅವಕಾಶ ಖರ್ಚಾದಂತೆ.

ತಿದ್ದುಪಡಿ ಬೇರೆ, ಬದಲಾವಣೆ ಬೇರೆ

ಕಚೇರಿಗಳ ಕಣ್ಣಿನಲ್ಲಿ ಹೆಸರಿನ ಅರ್ಜಿಗಳು ಎರಡು ಬಗೆ. ಮೊದಲನೆಯದು ತಿದ್ದುಪಡಿ: ಮೂಲ ದಾಖಲೆಯಲ್ಲಿ ಹೆಸರು ಸರಿಯಾಗಿದೆ, ಇನ್ನೊಂದು ಕಡೆ ನಕಲು ಮಾಡುವಾಗ ತಪ್ಪಾಗಿದೆ. ಸವಿತಾಳ ಪಾಸ್‌ಬುಕ್ಕಿನಲ್ಲಿ ಬಿಟ್ಟುಹೋದ ‘ಎಚ್’ ಈ ಜಾತಿಯದು. ಎರಡನೆಯದು ಬದಲಾವಣೆ: ಮೂಲದಲ್ಲೂ ಹಳೆಯ ಹೆಸರೇ ಇದೆ, ಈಗ ವ್ಯಕ್ತಿ ಬೇರೆ ಹೆಸರು ಬಯಸುತ್ತಿದ್ದಾರೆ. ‘ಕೆ. ಆರ್.’ ಹೋಗಿ ‘ಮಂಜುನಾಥ್’ ಬರುವುದು ಈ ಎರಡನೆಯ ಬಗೆ.

ತಿದ್ದುಪಡಿಗೆ ಬೇಕಾದದ್ದು ಹೆಸರು ಸರಿಯಾಗಿರುವ ಹಳೆಯ ದಾಖಲೆ. ಬದಲಾವಣೆಗೆ ಬೇಕಾದದ್ದು ಅದಲ್ಲ. ಹಳೆಯ ಹೆಸರಿನವಳೂ ಹೊಸ ಹೆಸರಿನವಳೂ ಒಬ್ಬಳೇ ಎಂದು ತೋರಿಸುವ ಕೊಂಡಿ ದಾಖಲೆ ಬೇಕು. ಹೊಸ ಹೆಸರಿನ ಹತ್ತು ಗುರುತಿನ ಚೀಟಿ ಹಿಡಿದು ಹೋದರೂ ಈ ಕೊಂಡಿ ಇಲ್ಲದಿದ್ದರೆ ಅರ್ಜಿ ನಿಲ್ಲುತ್ತದೆ.

ಬ್ಯಾಂಕುಗಳಿಗೆ ಭಾರತೀಯ ರಿಸರ್ವ್ ಬ್ಯಾಂಕ್ ಹೊರಡಿಸಿರುವ ಕೆವೈಸಿ ನಿರ್ದೇಶನದಲ್ಲಿ ಇದು ಸ್ಪಷ್ಟವಾಗಿದೆ. ಗುರುತಿನ ದಾಖಲೆ ಕೊಟ್ಟ ನಂತರ ವ್ಯಕ್ತಿಯ ಹೆಸರು ಬದಲಾಗಿದ್ದರೂ ಆ ದಾಖಲೆ ನಡೆಯುತ್ತದೆ. ಆದರೆ ಅದರ ಜೊತೆಗೆ ರಾಜ್ಯ ಸರ್ಕಾರ ಕೊಟ್ಟ ವಿವಾಹ ಪ್ರಮಾಣಪತ್ರವೋ ಹೆಸರು ಬದಲಾವಣೆಯ ಗೆಜೆಟ್ ಪ್ರಕಟಣೆಯೋ ಇರಬೇಕು. ಮದುವೆಯಿಂದ ಹೆಸರು ಬದಲಿಸುವವರಿಗೆ ಮೊದಲನೆಯದು ಕೊಂಡಿ, ಸ್ವಂತ ಇಚ್ಛೆಯಿಂದ ಬದಲಿಸುವವರಿಗೆ ಎರಡನೆಯದು. ಉಳಿದ ಕಚೇರಿಗಳ ಪಟ್ಟಿಗಳೂ ಹೆಚ್ಚುಕಡಿಮೆ ಈ ಎರಡರ ಸುತ್ತಲೇ ಇವೆ.

ವಿವಾಹ ಪ್ರಮಾಣಪತ್ರದಲ್ಲಿ ಯಾವ ಹೆಸರಿರಬೇಕು?

ಕಲ್ಯಾಣಮಂಟಪದವರು ಕೊಡುವ ರಸೀದಿಯಾಗಲಿ, ದೇವಸ್ಥಾನದ ಪತ್ರವಾಗಲಿ ಇಲ್ಲಿ ಸಾಲದು. ಬೇಕಾದದ್ದು ಉಪನೋಂದಣಾಧಿಕಾರಿ ಕಚೇರಿಯ ಪ್ರಮಾಣಪತ್ರ. ಹಿಂದೂ ವಿವಾಹ ಕಾಯ್ದೆಯಡಿ ಆದ ಮದುವೆಗಳ ನೋಂದಣಿಯನ್ನು 2024ರಿಂದ ಕರ್ನಾಟಕದಲ್ಲಿ ‘ಕಾವೇರಿ’ ತಂತ್ರಾಂಶದ ಮೂಲಕ ಮನೆಯಿಂದಲೂ ಮಾಡಬಹುದು. ಮದುವೆಯ ಆಮಂತ್ರಣ ಪತ್ರಿಕೆ, ಮದುವೆಯ ಫೋಟೊ, ಇಬ್ಬರ ವಯಸ್ಸು ಮತ್ತು ವಿಳಾಸದ ದಾಖಲೆ, ಸಾಕ್ಷಿಗಳು ಇದಕ್ಕೆ ಬೇಕು.

ಇಲ್ಲಿ ಆಗುವ ತಪ್ಪು ಒಂದೇ, ಆದರೆ ಅದರ ಫಲ ವರ್ಷಗಟ್ಟಲೆ ಉಣ್ಣಬೇಕು. ಅರ್ಜಿ ತುಂಬುವ ಉತ್ಸಾಹದಲ್ಲಿ ವಧುವಿನ ಹೆಸರಿನ ಜಾಗದಲ್ಲಿ ‘ಸವಿತಾ ಮಂಜುನಾಥ್’ ಎಂದೇ ಬರೆದುಬಿಡುತ್ತಾರೆ. ಆಗ ಪ್ರಮಾಣಪತ್ರ ಹೇಳುವುದು ಇಷ್ಟೆ: ಸವಿತಾ ಮಂಜುನಾಥ್ ಎಂಬುವರಿಗೆ ಮಂಜುನಾಥ್ ಎಂಬುವರೊಡನೆ ಮದುವೆಯಾಯಿತು. ಸವಿತಾ ಕೆ. ಆರ್. ಎಂಬ ಹೆಸರೇ ಅದರಲ್ಲಿಲ್ಲ. ಹಳೆಯ ದಡಕ್ಕೆ ತಾಗದ ಸೇತುವೆಯಾಯಿತು. ವಧುವಿನ ಹೆಸರು ಮದುವೆಯ ದಿನ ಅವಳ ಆಧಾರ್‌ನಲ್ಲಿ ಹೇಗಿತ್ತೋ ಅಕ್ಷರಶಃ ಹಾಗೆಯೇ ಪ್ರಮಾಣಪತ್ರದಲ್ಲಿರಬೇಕು. ತಂದೆಯ ಹೆಸರೂ ಪೂರ್ತಿಯಾಗಿರಲಿ. ‘ಆರ್’ ಎಂದರೆ ರಾಮಪ್ಪ ಎಂಬುದಕ್ಕೆ ಅದೇ ಪುರಾವೆಯಾಗುತ್ತದೆ.

ಎರಡನೆಯ ಎಚ್ಚರಿಕೆ ಗಂಡನ ಹೆಸರಿನದು. ಮನೆಯಲ್ಲಿ ಎಲ್ಲರೂ ‘ಮಂಜುನಾಥ್’ ಎನ್ನಬಹುದು. ಅವನ ಆಧಾರ್ ತೆರೆದು ನೋಡಿದರೆ MANJUNATHA H S ಎಂದು ಕೊನೆಯಲ್ಲೊಂದು ‘ಎ’ ಇರುತ್ತದೆ. ಹೆಂಡತಿ ಎಲ್ಲ ಕಡೆ MANJUNATH ಎಂದು ಬರೆಸಿಕೊಂಡರೆ ಗಂಡನ ಹೆಸರೂ ಹೆಂಡತಿಯ ಕೊನೆಯ ಹೆಸರೂ ಹೊಂದುವುದಿಲ್ಲ. ಮುಂದೆ ಮಗುವಿನ ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗ ಈ ಒಂದು ‘ಎ’ ಎದುರು ನಿಲ್ಲಬಹುದು. ಆದ್ದರಿಂದ ಹೊಸ ಹೆಸರನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು, ಪ್ರತಿ ಅರ್ಜಿಯನ್ನೂ ಅದನ್ನು ನೋಡಿಯೇ ತುಂಬುವುದು ಒಳ್ಳೆಯದು.

ವಿವಾಹ ಪ್ರಮಾಣಪತ್ರಕ್ಕೆ ಒಂದು ಮಿತಿಯಿದೆ. ಅದರಲ್ಲಿ ಇಲ್ಲದ ಹೆಸರಿಗೆ ಅದು ಆಧಾರವಾಗಲಾರದು. ಗಂಡನ ದಾಖಲೆಯಲ್ಲಿ ಎಲ್ಲೂ ಇಲ್ಲದ ಮನೆತನದ ಹೆಸರನ್ನು ಸೇರಿಸಿಕೊಳ್ಳಲು ಹೊರಟರೆ ಕಚೇರಿ ಒಪ್ಪಬೇಕಾಗಿಲ್ಲ. ಕೊಂಕಣಿ, ಮರಾಠಿ ಮನೆಗಳಲ್ಲಿ ತಟ್ಟೆಯಲ್ಲಿ ಅಕ್ಕಿ ಹರಡಿ ಉಂಗುರದಿಂದ ಸೊಸೆಗೆ ಹೊಸ ಹೆಸರು ಬರೆಯುವ ಪದ್ಧತಿಯುಂಟು. ಸವಿತಾ ಹಾಗೆ ‘ಮಾಧವಿ’ ಆದರೆ ಬದಲಾಗುವುದು ಕೊನೆಯ ಹೆಸರಲ್ಲ, ಹೆಸರೇ. ಅದು ಮದುವೆಯ ಸಂದರ್ಭದಲ್ಲಿ ನಡೆದರೂ ದಾಖಲೆಗಳ ಲೆಕ್ಕದಲ್ಲಿ ಇಚ್ಛೆಯ ಬದಲಾವಣೆ. ಅದಕ್ಕೆ ಗೆಜೆಟ್ ದಾರಿಯೇ ಗತಿ.

ಯಾವುದು ಮೊದಲು, ಯಾವುದು ಆಮೇಲೆ

ಕೊಂಡಿ ಕೈಗೆ ಬಂದ ಮೇಲೆ ಸವಿತಾ ಮೊದಲು ಹೋಗಬೇಕಾದದ್ದು ಆಧಾರ್ ಕೇಂದ್ರಕ್ಕೆ. ಪ್ಯಾನ್, ಬ್ಯಾಂಕು, ಭವಿಷ್ಯನಿಧಿ ಎಲ್ಲವೂ ಇಂದು ಹೆಸರನ್ನು ಆಧಾರ್ ಜೊತೆ ಹೋಲಿಸಿ ನೋಡುತ್ತವೆ. ಅದು ಹಳೆಯದಾಗಿಯೇ ಉಳಿದು ಬೇರೆಯವು ಹೊಸದಾದರೆ ಪ್ರತಿ ಕಡೆಯೂ ಹೋಲಿಕೆ ತಪ್ಪುತ್ತದೆ. ಫೋಟೊ ಇರುವ ವಿವಾಹ ಪ್ರಮಾಣಪತ್ರದ ಮೂಲಪ್ರತಿ, ಹಳೆಯ ಹೆಸರಿನ ಗುರುತಿನ ದಾಖಲೆ ಎರಡನ್ನೂ ಒಯ್ಯಬೇಕು. ನಿರ್ವಾಹಕರು ಮಾಹಿತಿ ತುಂಬಿದ ಮೇಲೆ ಪರದೆಯಲ್ಲಿ ಇಂಗ್ಲಿಷ್ ಮತ್ತು ಕನ್ನಡ ಎರಡೂ ಸಾಲುಗಳು ಕಾಣುತ್ತವೆ. ಇಂಗ್ಲಿಷ್ ಹೆಸರನ್ನು ಯಂತ್ರವೇ ಕನ್ನಡಕ್ಕೆ ತಿರುಗಿಸುವುದರಿಂದ ‘ಸವಿತಾ’ ‘ಸವಿಥ’ ಆಗಿರುವುದುಂಟು. ಸ್ವೀಕೃತಿ ಚೀಟಿ ಮುದ್ರಿಸುವ ಮೊದಲು ಅದನ್ನು ಸರಿಪಡಿಸುವುದು ಎರಡು ನಿಮಿಷದ ಕೆಲಸ. ಆಮೇಲೆಂದರೆ ಮತ್ತೊಂದು ಸರತಿ.

ಎರಡೇ ಅವಕಾಶ ಎಂಬ ಮಿತಿಯನ್ನು ನೆನಪಿಟ್ಟರೆ ಇನ್ನೊಂದು ವಿಷಯ ತಾನೇ ಹೊಳೆಯುತ್ತದೆ. ಆಧಾರ್‌ನಲ್ಲೇ ಅಕ್ಷರ ದೋಷವಿದ್ದು ಮದುವೆಯ ಹೆಸರನ್ನೂ ಸೇರಿಸುವುದಿದ್ದರೆ ಎರಡನ್ನೂ ಒಂದೇ ಅರ್ಜಿಯಲ್ಲಿ ಮುಗಿಸಬೇಕು. ಈ ತಿಂಗಳು ‘ಎಚ್’ ಸೇರಿಸಿ, ಮುಂದಿನ ತಿಂಗಳು ‘ಮಂಜುನಾಥ್’ ಸೇರಿಸಿದರೆ ಮಿತಿ ಮುಗಿಯಿತು. ಮೂರನೆಯ ಬಾರಿಗೆ ಮಾಮೂಲಿ ಕೇಂದ್ರದಲ್ಲಿ ಆಗುವುದಿಲ್ಲ. ಗೆಜೆಟ್ ಪ್ರಕಟಣೆ ಹಿಡಿದು ಆಧಾರ್ ಪ್ರಾಧಿಕಾರದ ಪ್ರಾದೇಶಿಕ ಕಚೇರಿಯ ವಿಶೇಷ ಅನುಮತಿಗೆ ಕಾಯಬೇಕು.

ಎರಡನೆಯದು ಪ್ಯಾನ್. ಹೆಸರು ಬದಲಾದರೂ ಪ್ಯಾನ್ ಸಂಖ್ಯೆ ಬದಲಾಗುವುದಿಲ್ಲ. ಹೊಸ ಹೆಸರಿಗೆಂದು ಹೊಸ ಪ್ಯಾನ್‌ಗೆ ಅರ್ಜಿ ಹಾಕಬಾರದು. ಒಬ್ಬರ ಬಳಿ ಎರಡು ಪ್ಯಾನ್ ಇರುವುದು ದಂಡಕ್ಕೆ ದಾರಿ. ಬೇಕಾದದ್ದು ಇರುವ ಪ್ಯಾನಿನ ಮಾಹಿತಿ ತಿದ್ದುಪಡಿಯ ಅರ್ಜಿ. ಬದಲಾಗಬೇಕಾದ ಸಾಲಿನ ಪಕ್ಕದ ಚೌಕಕ್ಕೆ ಗುರುತು ಹಾಕಬೇಕು. ಹೊಸ ಹೆಸರು ಬರೆದು ಗುರುತು ಹಾಕಲು ಮರೆತವರಿಗೆ ಹಳೆಯ ಹೆಸರಿನದೇ ಕಾರ್ಡು ಮತ್ತೆ ಮನೆಗೆ ಬರುತ್ತದೆ. ಕೊನೆಯ ಹೆಸರಿನ ಖಾನೆಯಲ್ಲಿ ಬರೀ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಸವಿತಾಳ ಪ್ಯಾನ್‌ನಲ್ಲಿ ‘ಕಡೂರು ರಾಮಪ್ಪ’ ಬಂದದ್ದು ಇದೇ ಕಾರಣಕ್ಕೆ. ಮದುವೆಯಾದ ಹೆಣ್ಣುಮಕ್ಕಳಿಗೆ ಪ್ಯಾನ್ ನಿಯಮ ಬಹುಕಾಲದಿಂದ ಸಡಿಲ. ವಿವಾಹ ಪ್ರಮಾಣಪತ್ರದ ಜೊತೆಗೆ ಮದುವೆಯ ಆಮಂತ್ರಣ ಪತ್ರಿಕೆಯೂ ಅದರ ಪಟ್ಟಿಯಲ್ಲಿ ಇದ್ದೇ ಇದೆ.

ಈ ಎರಡು ಹೊಂದಿಕೊಂಡ ಮೇಲೆ ಬ್ಯಾಂಕು, ಭವಿಷ್ಯನಿಧಿ, ವಿಮೆಗಳ ಸರದಿ. ಮತದಾರರ ಗುರುತಿನ ಚೀಟಿಗೆ ನಮೂನೆ 8. ಬ್ಯಾಂಕಿನಲ್ಲಿ ಹೆಸರಿನ ಜೊತೆ ಸಹಿಯನ್ನೂ ಬದಲಿಸುವುದಿದ್ದರೆ, ಹಳೆಯ ಸಹಿಯಿರುವ ಚೆಕ್ಕುಗಳು ಯಾರ ಕೈಯಲ್ಲಾದರೂ ಇವೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಪಾಸ್‌ಪೋರ್ಟಿನ ಲೆಕ್ಕ ಬೇರೆ. ಅಲ್ಲಿ ಹೆಸರನ್ನು ತಿದ್ದಿ ಕೊಡುವುದಿಲ್ಲ, ಮರುವಿತರಣೆಯ ಅರ್ಜಿ ಹಾಕಿದರೆ ಹೊಸ ಸಂಖ್ಯೆಯ ಹೊಸ ಪುಸ್ತಕ ಬರುತ್ತದೆ. ಮದುವೆಯಾದ ತಿಂಗಳಲ್ಲೇ ವಿದೇಶಕ್ಕೆ ಟಿಕೆಟ್ ಕಾಯ್ದಿರಿಸಿದ್ದರೆ ಆತುರ ಬೇಡ. ಟಿಕೆಟ್ಟಿನ ಹೆಸರೂ ಪಾಸ್‌ಪೋರ್ಟಿನ ಹೆಸರೂ ಒಂದೇ ಇರಬೇಕು. ತವರಿನ ಹೆಸರಿನ ಪಾಸ್‌ಪೋರ್ಟಿನಲ್ಲಿ ಹೋಗಿ ಬಂದು, ಆಮೇಲೆ ಅರ್ಜಿ ಹಾಕುವುದೇ ಸರಿ. ಅರ್ಜಿ ಹಾಕುವಾಗ ಕೊನೆಯ ಹೆಸರಿನ ಖಾನೆಯನ್ನು ಖಾಲಿ ಬಿಡದಿರುವುದು ಉತ್ತಮ. 2022ರ ನವೆಂಬರಿನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ಪ್ರವಾಸಿಗರಿಗೆ ಪ್ರವೇಶವಿಲ್ಲ ಎಂದಾಗ ಹೆಚ್ಚು ಗಾಬರಿಯಾದದ್ದು ದಕ್ಷಿಣ ಭಾರತದವರಿಗೆ. ನಮ್ಮಲ್ಲಿ ‘ಸವಿತಾ’ ಎಂದಷ್ಟೇ ಹೆಸರಿರುವವರು, ಇನಿಷಿಯಲ್ ಬಿಟ್ಟು ಪಾಸ್‌ಪೋರ್ಟ್ ಮಾಡಿಸಿದವರು ಬಹಳ ಮಂದಿ.

‘ಸಾಕಮ್ಮ’ ಸಹನಾ ಆಗಬೇಕಾದರೆ

2011ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಸತಾರಾದಲ್ಲಿ ಒಂದು ಸಮಾರಂಭ ನಡೆಯಿತು. ಮರಾಠಿಯಲ್ಲಿ ‘ಬೇಡವಾದವಳು’ ಎಂಬರ್ಥದ ‘ನಕುಸಾ’, ‘ನಕುಶಿ’ ಎಂಬ ಹೆಸರಿದ್ದ 285 ಹೆಣ್ಣುಮಕ್ಕಳು ಅಂದು ಹೊಸ ಹೆಸರು ಪಡೆದರು. ಗಂಡುಮಗು ನಿರೀಕ್ಷಿಸಿದ್ದ ಮನೆಗಳಲ್ಲಿ ಮತ್ತೆ ಹೆಣ್ಣು ಹುಟ್ಟಿದಾಗ ಇಟ್ಟ ಹೆಸರುಗಳವು. ಕನ್ನಡನಾಡಿನಲ್ಲೂ ಹೆಣ್ಣುಮಕ್ಕಳು ಸಾಲಾಗಿ ಹುಟ್ಟಿದಾಗ ಇನ್ನು ಸಾಕು ಎಂದು ‘ಸಾಕಮ್ಮ’, ‘ಸಾಕವ್ವ’ ಎಂದು ಹೆಸರಿಟ್ಟ ಮನೆಗಳಿವೆ. ಸತಾರಾದಲ್ಲಿ ಜಿಲ್ಲಾಡಳಿತವೇ ಮುಂದೆ ನಿಂತಿತು. ಒಬ್ಬಂಟಿ ಸಾಕಮ್ಮ ‘ಸಹನಾ’ ಆಗಲು ಬಯಸಿದರೆ ತಾನೇ ಮೂರು ಮೆಟ್ಟಿಲು ಹತ್ತಬೇಕು: ಅಫಿಡವಿಟ್, ಪತ್ರಿಕಾ ಪ್ರಕಟಣೆ, ಗೆಜೆಟ್.

ಅಫಿಡವಿಟ್ ಎಂದರೆ ಪ್ರಮಾಣ ಮಾಡಿ ಹೇಳಿದ ಲಿಖಿತ ಹೇಳಿಕೆ. ಅದನ್ನು ಇ-ಸ್ಟ್ಯಾಂಪ್ ಕಾಗದದ ಮೇಲೆ ಬರೆಸಿ ನೋಟರಿಯ ಎದುರು ಸಹಿ ಹಾಕಬೇಕು. ಕರ್ನಾಟಕದಲ್ಲಿ 20 ರೂಪಾಯಿ ಇದ್ದ ಇದರ ಮುದ್ರಾಂಕ ಶುಲ್ಕ 2024ರಿಂದ 100 ರೂಪಾಯಿ. ಒಕ್ಕಣೆ ಉದ್ದವಿರಬೇಕಾಗಿಲ್ಲ, ಆದರೆ ನಾಲ್ಕು ಸಂಗತಿ ಬಿಟ್ಟುಹೋಗಬಾರದು. ಹಳೆಯ ಹೆಸರು ಮೂಲ ದಾಖಲೆಯಲ್ಲಿ ಇರುವಂತೆಯೇ ಬರಬೇಕು. ಹೊಸ ಹೆಸರು ಅಕ್ಷರ ಅಕ್ಷರವಾಗಿ ಸ್ಪಷ್ಟವಾಗಿರಬೇಕು. ಬದಲಾವಣೆಗೆ ಕಾರಣವನ್ನು ಒಂದು ಸಾಲಿನಲ್ಲಿ ಹೇಳಬೇಕು. ಎರಡೂ ಹೆಸರು ಒಬ್ಬ ವ್ಯಕ್ತಿಯವೇ ಎಂಬ ಘೋಷಣೆ ಇರಬೇಕು. ನೋಟರಿಯ ಮುದ್ರೆಯ ಜೊತೆ ಅವರ ವಹಿಯ ಕ್ರಮಸಂಖ್ಯೆಯೂ ದಿನಾಂಕವೂ ಬಿದ್ದಿದೆಯೇ ಎಂದು ಅಲ್ಲೇ ನೋಡಿಕೊಳ್ಳಬೇಕು.

ಎರಡನೆಯ ಮೆಟ್ಟಿಲು ಪತ್ರಿಕೆ. ಒಂದು ಕನ್ನಡ ದಿನಪತ್ರಿಕೆ, ಒಂದು ಇಂಗ್ಲಿಷ್ ದಿನಪತ್ರಿಕೆಯಲ್ಲಿ ಪ್ರಕಟಿಸುವುದು ರೂಢಿ. ಎರಡೂ ಅರ್ಜಿದಾರರ ಊರಿನಲ್ಲಿ ಓದುಗರಿರುವ ಪತ್ರಿಕೆಗಳಾಗಿರಬೇಕು. ಒಕ್ಕಣೆ ಹೀಗಿರುತ್ತದೆ: ‘ಸಾಕಮ್ಮ ಎಂಬ ಹೆಸರಿನ ನಾನು, ಇಂಥವರ ಮಗಳು, ಇಂಥ ವಿಳಾಸದಲ್ಲಿ ವಾಸವಿದ್ದು, ಇಂಥ ದಿನಾಂಕದಂದು ನೋಟರಿಯವರ ಮುಂದೆ ಮಾಡಿದ ಪ್ರಮಾಣಪತ್ರದಂತೆ ನನ್ನ ಹೆಸರನ್ನು ಸಹನಾ ಎಂದು ಬದಲಾಯಿಸಿಕೊಂಡಿದ್ದು, ಇನ್ನು ಮುಂದೆ ಎಲ್ಲ ವ್ಯವಹಾರಗಳಿಗೂ ಸಹನಾ ಎಂದೇ ಗುರುತಿಸಲ್ಪಡುತ್ತೇನೆ.’ ಪ್ರಕಟವಾದ ದಿನ ಜಾಹೀರಾತನ್ನಷ್ಟೇ ಕತ್ತರಿಸಿಟ್ಟುಕೊಂಡರೆ ಪ್ರಯೋಜನವಿಲ್ಲ. ಪತ್ರಿಕೆಯ ಹೆಸರು, ದಿನಾಂಕ ಕಾಣುವಂತೆ ಇಡೀ ಪುಟವನ್ನು ಉಳಿಸಬೇಕು. ನಾಲ್ಕೈದು ಪ್ರತಿ ಕೊಂಡಿಟ್ಟರೆ ಆಮೇಲೆ ಹುಡುಕುವ ಕಷ್ಟವಿಲ್ಲ.

ಮೂರನೆಯದು ಭಾರತ ಸರ್ಕಾರದ ಗೆಜೆಟ್. ಖಾಸಗಿ ವ್ಯಕ್ತಿಗಳ ಪ್ರಕಟಣೆಗಳು ಅದರ ನಾಲ್ಕನೆಯ ಭಾಗದಲ್ಲಿ ಬರುತ್ತವೆ, ವಾರಕ್ಕೊಮ್ಮೆ. ದೆಹಲಿಯ ಪ್ರಕಟಣಾ ಇಲಾಖೆಗೆ ನಿಗದಿತ ನಮೂನೆಯ ಅರ್ಜಿ, ಅಫಿಡವಿಟ್, ಪತ್ರಿಕಾ ಪುಟ, ಗುರುತಿನ ದಾಖಲೆ, ಫೋಟೊಗಳನ್ನು ಕಳಿಸಬೇಕು. ಒಕ್ಕಣೆಯ ಸಾಫ್ಟ್ ಕಾಪಿಯನ್ನೂ, ಕಾಗದದ ಪ್ರತಿಯೂ ಅದೂ ಒಂದೇ ಎಂಬ ಪ್ರಮಾಣೀಕರಣವನ್ನೂ ಜೊತೆಗಿಡಬೇಕು. ಇಬ್ಬರು ಸಾಕ್ಷಿಗಳ ಸಹಿಯೂ ಬೇಕು.

ಈ ನಮೂನೆಯ ಕೆಳಗಡೆ ಬಹಳ ಜನ ಎಡವುವ ಒಂದು ಜಾಗವಿದೆ. ಅಲ್ಲಿ ಅರ್ಜಿದಾರರು ಹಾಕಬೇಕಾದದ್ದು ಹಳೆಯ ಹೆಸರಿನ ಸಹಿ. ಹೊಸ ಹೆಸರು ಸಿಗುತ್ತಿರುವ ಸಂತೋಷದಲ್ಲಿ ‘ಸಹನಾ’ ಎಂದು ಸಹಿ ಹಾಕಿದ ಅರ್ಜಿ ಹಿಂದಕ್ಕೆ ಬರುತ್ತದೆ. ತರ್ಕ ಸರಳವಾಗಿದೆ: ಬದಲಾವಣೆಯನ್ನು ಘೋಷಿಸುತ್ತಿರುವವಳು ಸಾಕಮ್ಮ, ಸಹನಾ ಇನ್ನೂ ಬಂದಿಲ್ಲ. ಪ್ರಕಟವಾದ ಮೇಲೆ ಗೆಜೆಟ್ಟಿನ ಪ್ರತಿ egazette.gov.in ತಾಣದಲ್ಲಿ ಸಿಗುತ್ತದೆ. ಆ ಪುಟದ ಜೊತೆಗೆ ಹಳೆಯ ಹೆಸರಿನ ಫೋಟೊ ಗುರುತಿನ ಚೀಟಿ ಇಟ್ಟರೆ ಆಧಾರ್ ಕೇಂದ್ರ ಒಪ್ಪುತ್ತದೆ. ಅಲ್ಲಿಂದ ಮುಂದೆ ಸವಿತಾ ನಡೆದ ದಾರಿಯೇ ಸಹನಾಳ ದಾರಿ.

ಗೆಜೆಟ್ಟಿನಲ್ಲಿ ಬಂದುಬಿಟ್ಟರೆ ಎಲ್ಲ ದಾಖಲೆಗಳೂ ತಾವಾಗಿಯೇ ಬದಲಾಗುತ್ತವೆ ಎಂಬ ನಂಬಿಕೆ ವ್ಯಾಪಕವಾಗಿದೆ. ಗೆಜೆಟ್ ಮಾಡುವುದು ಸಾರ್ವಜನಿಕ ಪ್ರಕಟಣೆ ಮಾತ್ರ. ಅದನ್ನು ಆಧಾರವಾಗಿ ಹಿಡಿದು ಪ್ರತಿ ಕಚೇರಿಗೂ ಪ್ರತ್ಯೇಕ ಅರ್ಜಿ ಕೊಡಲೇಬೇಕು.

ಅಂಕಪಟ್ಟಿ, ಜನನ ಪ್ರಮಾಣಪತ್ರ

ಸವಿತಾ ತನ್ನ ಅಂಕಪಟ್ಟಿಯನ್ನೂ ಪದವಿ ಪ್ರಮಾಣಪತ್ರವನ್ನೂ ಮುಟ್ಟಬೇಕಾಗಿಲ್ಲ. ಓದಿದ ಕಾಲದಲ್ಲಿ ಅವಳ ಹೆಸರು ಅದೇ ಆಗಿತ್ತು. ಕೆಲಸಕ್ಕೆ ಸೇರುವಾಗ ವಿವಾಹ ಪ್ರಮಾಣಪತ್ರವನ್ನು ಜೊತೆಗಿಟ್ಟರೆ ಸಾಕು. ಆದರೆ ಅಂಕಪಟ್ಟಿಯಲ್ಲೇ ತಪ್ಪಾಗಿ ಅಚ್ಚಾಗಿದ್ದರೆ? ಆಗ ಓದಿದ ಶಾಲೆಗೆ ಹೋಗಬೇಕು. ದಾಖಲಾತಿ ವಹಿಯಲ್ಲಿ ಹೆಸರು ಸರಿಯಾಗಿದ್ದರೆ, ಮುಖ್ಯೋಪಾಧ್ಯಾಯರು ಅದರ ದೃಢೀಕೃತ ಪ್ರತಿಯೊಡನೆ ಪರೀಕ್ಷಾ ಮಂಡಲಿಗೆ ಪ್ರಸ್ತಾವ ಕಳಿಸುತ್ತಾರೆ. ವಹಿಯಲ್ಲೇ ತಪ್ಪು ಹೆಸರಿದ್ದರೆ ಮಂಡಲಿ ಅದನ್ನು ತಾನಾಗಿ ಮೀರುವುದಿಲ್ಲ. ಸಿವಿಲ್ ನ್ಯಾಯಾಲಯದಲ್ಲಿ ಘೋಷಣಾ ದಾವೆ ಹೂಡುವ ಪ್ರಸಂಗ ಬರುತ್ತದೆ.

ಸುಪ್ರೀಂ ಕೋರ್ಟ್ 2021ರ ಜೂನ್ 3ರಂದು ಸಿಬಿಎಸ್‌ಇ ಪ್ರಮಾಣಪತ್ರಗಳ ಕುರಿತು ಕೊಟ್ಟ ತೀರ್ಪು ಇಲ್ಲಿ ದಾರಿ ತೋರಿಸುತ್ತದೆ. ಜಿಗ್ಯಾ ಯಾದವ್ ಪ್ರಕರಣ ಎಂದು ಹೆಸರಾದ ಇದರಲ್ಲಿ, ಹೆಸರು ವ್ಯಕ್ತಿತ್ವದ ಭಾಗ, ಅದರ ಮೇಲಿನ ಹಕ್ಕು ಸಂವಿಧಾನದ್ದು ಎಂದು ನ್ಯಾಯಾಲಯ ಹೇಳಿತು. ಶಾಲೆಯ ದಾಖಲೆಗೆ ಹೊಂದುವ ತಿದ್ದುಪಡಿಯನ್ನು ಮಂಡಲಿ ಮಾಡಿಕೊಡಬೇಕು. ಇಚ್ಛೆಯಿಂದ ಬದಲಿಸುವವರು ನ್ಯಾಯಾಲಯದ ಘೋಷಣೆಯನ್ನೂ ಗೆಜೆಟ್ ಪ್ರಕಟಣೆಯನ್ನೂ ತರಬೇಕು. ಮಂಡಲಿ ಹೊಸ ಪ್ರಮಾಣಪತ್ರದಲ್ಲಿ ಹಳೆಯ ಹೆಸರನ್ನೂ ಉಳಿಸಿ ಬದಲಾವಣೆಯ ಷರಾ ಬರೆಯಬಹುದು.

ಕರ್ನಾಟಕ ಹೈಕೋರ್ಟ್ 2024ರ ಕೊನೆಯಲ್ಲಿ ಮಂಗಳೂರಿನ ಲಿಂಗತ್ವ ಅಲ್ಪಸಂಖ್ಯಾತ ವ್ಯಕ್ತಿಯೊಬ್ಬರ ಜನನ ಪ್ರಮಾಣಪತ್ರದ ವಿಷಯದಲ್ಲೂ ಇದೇ ರೀತಿ ಯೋಚಿಸಿತು. ಪರಿಷ್ಕೃತ ಪ್ರಮಾಣಪತ್ರದಲ್ಲಿ ಹಿಂದಿನ ಹೆಸರು ಮತ್ತು ಲಿಂಗ, ಈಗಿನ ಹೆಸರು ಮತ್ತು ಲಿಂಗ ಎರಡೂ ನಮೂದಾಗಲಿ ಎಂದಿತು. ಹಳೆಯ ಹೆಸರನ್ನು ಅಳಿಸಿಬಿಟ್ಟರೆ ಆ ಹೆಸರಿನಲ್ಲಿರುವ ಉಳಿದ ದಾಖಲೆಗಳಿಗೆ ವಾರಸುದಾರರೇ ಇಲ್ಲದಂತಾಗುತ್ತದೆ.

ಜನನ ನೋಂದಣಿಯಲ್ಲಿ ಮಗುವಿನ ಹೆಸರೇ ಇಲ್ಲದಿದ್ದರೆ ಅದು ಬದಲಾವಣೆಯಲ್ಲ, ಸೇರ್ಪಡೆ. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ, ಆಮೇಲೆ 15 ವರ್ಷದವರೆಗೆ ವಿಳಂಬ ಶುಲ್ಕದೊಡನೆ ಹೆಸರು ಸೇರಿಸಬಹುದು. ಮಗುವಿಗೆ ಇನ್ನೂ ಒಂದೇ ದಾಖಲೆ ಇರುವಾಗ ಇಂಗ್ಲಿಷ್ ಅಕ್ಷರಗಳನ್ನು ಸರಿಮಾಡಿಸಿದ ತಂದೆತಾಯಿ ಅದರ ಇಪ್ಪತ್ತೈದು ವರ್ಷಗಳ ಓಡಾಟ ಉಳಿಸಿದಂತೆ.

ಮತ್ತೆ ತವರಿನ ಹೆಸರಿಗೆ

ಗಂಡನ ಹೆಸರನ್ನು ಸೇರಿಸಿಕೊಳ್ಳಲು ವಿವಾಹ ಪ್ರಮಾಣಪತ್ರವೊಂದು ಸಾಕಾದರೆ, ಅದನ್ನು ಬಿಡುವುದು ಅಷ್ಟು ಸುಲಭವಲ್ಲ. ವಿಚ್ಛೇದನವಾಗಿದ್ದರೆ ನ್ಯಾಯಾಲಯದ ಡಿಕ್ರಿಯ ದೃಢೀಕೃತ ಪ್ರತಿಯೇ ಕೊಂಡಿ. ವಿಚ್ಛೇದನದ ಮೊಕದ್ದಮೆ ಇನ್ನೂ ನಡೆಯುತ್ತಿರುವ ಹೆಣ್ಣುಮಗಳಿಗೆ ಏನು ದಾರಿ? ತವರಿನ ಹೆಸರಿಗೆ ಮರಳಲು ಡಿಕ್ರಿ ಇಲ್ಲವೇ ಗಂಡನ ನಿರಾಕ್ಷೇಪಣಾ ಪತ್ರ ತರಬೇಕೆಂಬ ಸರ್ಕಾರದ ಸೂಚನೆಯನ್ನು ಪ್ರಶ್ನಿಸಿ ಮಹಿಳೆಯೊಬ್ಬರು 2024ರಲ್ಲಿ ದೆಹಲಿ ಹೈಕೋರ್ಟಿಗೆ ಹೋದರು, ನ್ಯಾಯಾಲಯ ಕೇಂದ್ರಕ್ಕೆ ನೋಟಿಸ್ ಕೊಟ್ಟಿತು. ಮದುವೆಯಾಗುವಾಗ ಹೆಸರಿಗೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ, ಹಿಂದಿರುಗಲು ಮಾತ್ರ ಏಕೆ ಬೇಕು ಎಂಬ ಪ್ರಶ್ನೆ ನ್ಯಾಯವಾದದ್ದು. ಮದುವೆಯಾದ ಕೂಡಲೇ ಹೆಸರು ಬದಲಿಸಲು ಹೊರಟವರು ಆಧಾರ್‌ನ ಎರಡು ಅವಕಾಶಗಳಲ್ಲಿ ಒಂದನ್ನು ಉಳಿಸಿಕೊಳ್ಳಬೇಕಾದದ್ದು ಈ ಕಾರಣಕ್ಕೂ ಹೌದು.

ಇನ್ನು ಸೋದರಮಾವನ ಚೆಕ್ಕು. ಚೆಕ್ಕಿನ ಆಯುಷ್ಯ ಅದರಲ್ಲಿ ಬರೆದ ದಿನಾಂಕದಿಂದ ಮೂರು ತಿಂಗಳು. ಮದುವೆ ನೋಂದಣಿ, ಆಧಾರ್, ಪ್ಯಾನ್, ಬ್ಯಾಂಕು ಎಂದು ಸುತ್ತಿ ಬರುವಷ್ಟರಲ್ಲಿ ಅದು ಮುಗಿದೇ ಹೋಗಬಹುದು. ಸವಿತಾ ಮಾವನಿಗೆ ಫೋನು ಮಾಡಿ, ‘ಮಾಮಾ, ಬೇರೆ ಚೆಕ್ಕು ಬರೆದುಕೊಡಿ, ಹಳೇ ಹೆಸರಿಗೇ ಬರೀರಿ, ಪಾಸ್‌ಬುಕ್ಕಿನಲ್ಲಿರೋ ಹಾಗೆ, ಎಚ್ ಬೇಡ’ ಎಂದು ಹೇಳುವುದೇ ಸದ್ಯಕ್ಕೆ ಹತ್ತಿರದ ದಾರಿ. ಹಣ ಖಾತೆಗೆ ಬಂದ ಮೇಲೆ ಅವಳು ಆ ‘ಎಚ್’ ಸೇರಿಸಲೂ ಮಂಜುನಾಥನ ಹೆಸರು ಸೇರಿಸಲೂ ಒಂದೇ ಅರ್ಜಿಯನ್ನು ಬ್ಯಾಂಕಿಗೆ ಕೊಡಬಹುದು. ಜೊತೆಗೆ ಇಡಬೇಕಾದದ್ದು ಹೊಸ ಆಧಾರ್, ಹೊಸ ಪ್ಯಾನ್, ಮತ್ತು ವಧುವಿನ ಹೆಸರು ‘ಸವಿತಾ ಕೆ. ಆರ್.’ ಎಂದಿರುವ ವಿವಾಹ ಪ್ರಮಾಣಪತ್ರ. ಅರ್ಜಿಯ ಕೆಳಗೆ ಸಹಿ ಮಾತ್ರ ಬ್ಯಾಂಕಿನಲ್ಲಿರುವ ಹಳೆಯದೇ.